ಕಾರ್ಖಾನೆಯ ಬಾಡಿಗೆ, ಕರೆಂಟ್, ಸವಕಳಿಯನ್ನು ವಿಭಾಗಗಳಿಗೆ ಹಂಚಲು ಯಾವ ಆಧಾರ ಸರಿ?

ಪ್ರಶ್ನೆ: ಚಾಕಣದ ಒಂದು ಸಣ್ಣ ಕಾರ್ಖಾನೆಯ ಅಕೌಂಟ್ಸ್‌ನಲ್ಲಿದ್ದೇನೆ. ಬಾಡಿಗೆಯನ್ನು ವಿಸ್ತೀರ್ಣದ ಮೇಲೆ, ಕರೆಂಟನ್ನು ಎಚ್‌ಪಿ ಮೇಲೆ, ಸವಕಳಿಯನ್ನು ಆಸ್ತಿ ಮೌಲ್ಯದ ಮೇಲೆ ಹಂಚಲು ಹೇಳಿದ್ದಾರೆ. ಎಚ್‌ಪಿ ಪಟ್ಟಿ ತಯಾರಿದೆ (ಪ್ರೆಸ್ ಶಾಪ್ 110, ವೆಲ್ಡಿಂಗ್ 12, ಪೌಡರ್ ಕೋಟಿಂಗ್ 6). ಇಷ್ಟೆಲ್ಲ ಬೇರೆ ಬೇರೆ ಆಧಾರ ಬೇಕೇ? ಎಲ್ಲಕ್ಕೂ ಒಂದೇ ಆಧಾರ, ಅಂದರೆ ವಿಸ್ತೀರ್ಣ, ಇಟ್ಟುಕೊಂಡರೆ ಏನು ನಷ್ಟ?

ಉತ್ತರ:

ಪೌಡರ್ ಕೋಟಿಂಗಿನ ಆ 6 ನೋಡಿದ ತಕ್ಷಣ ನನ್ನ ಹೊಟ್ಟೆ ತಳಮಳಿಸಿತು. 2009ರಲ್ಲಿ ನಾನು ಬರೆದಿದ್ದು 10.

ಆಗ ಭೋಸರಿ ಎಂಐಡಿಸಿಯಲ್ಲಿ ಗೇರ್ ಮಾಡುವ ಒಂದು ಕಾರ್ಖಾನೆಗೆ ಹೊಸದಾಗಿ ಸೇರಿದ್ದೆ. ಹಗಲು ಕೆಲಸ, ರಾತ್ರಿ ನಿಗಡಿಯ ರೂಮಿನಲ್ಲಿ ಐಸಿಡಬ್ಲ್ಯೂಎ ಇಂಟರ್ ಓದು. ಪುಸ್ತಕದಲ್ಲಿ ಪ್ರಾಥಮಿಕ ಹಂಚಿಕೆಯ ಲೆಕ್ಕ ಹತ್ತಾರು ಬಿಡಿಸಿದ್ದೆ. ಮೇಲೆ ಖರ್ಚುಗಳು, ಕೆಳಗೆ ವಿಸ್ತೀರ್ಣ, ಎಚ್‌ಪಿ, ಆಸ್ತಿ ಮೌಲ್ಯ ಎಲ್ಲ ಕೊಟ್ಟೇ ಇರುತ್ತಾರೆ, ನಾವು ಭಾಗಿಸಿದರೆ ಮುಗಿಯಿತು. ಪುಸ್ತಕ ಹೇಳದೆ ಬಿಟ್ಟ ಸಂಗತಿ ಒಂದೇ: ಆ ಪಟ್ಟಿ ತುಂಬಿದವರು ಯಾರು, ಏನು ನೋಡಿ ತುಂಬಿದರು.

ನಮ್ಮಲ್ಲಿ ಐದು ವಿಭಾಗ. ಮಷೀನ್ ಶಾಪ್, ಹೀಟ್ ಟ್ರೀಟ್‌ಮೆಂಟ್, ಅಸೆಂಬ್ಲಿ, ಜೊತೆಗೆ ಸೇವೆಗಿದ್ದ ಮೆಂಟೆನೆನ್ಸ್ ಮತ್ತು ಸ್ಟೋರ್ಸ್. (ಪ್ರಾಥಮಿಕ ಹಂಚಿಕೆಯಲ್ಲಿ ಸೇವಾ ವಿಭಾಗಗಳಿಗೂ ಪಾಲು ಹಾಕಬೇಕು. ಅವುಗಳ ಒಟ್ಟು ಮೊತ್ತ ಉತ್ಪಾದನಾ ವಿಭಾಗಗಳಿಗೆ ಇಳಿಯುವುದು ಆಮೇಲಿನ ಹೆಜ್ಜೆ. ಈಗಲೇ ಅವನ್ನು ಬಿಟ್ಟುಬಿಡಬೇಡಿ.) ಕೆಳಗಿನ ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ದುಂಡು ಮಾಡಿದ್ದೇನೆ.

ಬಾಡಿಗೆ ತಿಂಗಳಿಗೆ 2,00,000, ಬಳಸುವ ಜಾಗ 10,000 ಚದರ ಅಡಿ, ಅಡಿಗೆ 20 ರೂಪಾಯಿ. ಮಷೀನ್ ಶಾಪ್ 4,500 ಅಡಿ, ಅದಕ್ಕೆ 90,000. ಹೀಟ್ ಟ್ರೀಟ್‌ಮೆಂಟ್ 1,500 ಅಡಿ, ಅದಕ್ಕೆ 30,000. ಉಳಿದದ್ದು ಹಾಗೆಯೇ. ಇದರಲ್ಲಿ ತಪ್ಪಾಗುವುದು ಕಡಿಮೆ, ಯಾಕೆಂದರೆ ನಾನೇ ಟೇಪ್ ಹಿಡಿದು ಅಳೆದಿದ್ದೆ. ನಡೆದಾಡುವ ದಾರಿಯನ್ನು ಯಾರ ಲೆಕ್ಕಕ್ಕೂ ಸೇರಿಸಲಿಲ್ಲ. ಅದು ಎಲ್ಲರದ್ದಾದ್ದರಿಂದ ಅದರ ಬಾಡಿಗೆ ತಾನಾಗಿಯೇ ಎಲ್ಲರ ಮೇಲೆ ಬೀಳುತ್ತದೆ.

ಕರೆಂಟಿಗೆ ಬರೋಣ. ಲೈಟಿನದ್ದು ಬಿಟ್ಟು ಬಿಲ್ 3,60,000. ಎಚ್‌ಪಿ ಪಟ್ಟಿ ಕೊಡಿ ಎಂದು ಮೆಂಟೆನೆನ್ಸಿನವರನ್ನು ಕೇಳಿದೆ. ಅವರ ಬಳಿ ಮೋಟಾರ್ ರಿಜಿಸ್ಟರ್ ಇತ್ತು, ಅದರಲ್ಲಿದ್ದದ್ದನ್ನು ಕೂಡಿಸಿ ಕೊಟ್ಟರು. ಮಷೀನ್ ಶಾಪ್ 150, ಹೀಟ್ ಟ್ರೀಟ್‌ಮೆಂಟ್ 10, ಅಸೆಂಬ್ಲಿ 15, ಮೆಂಟೆನೆನ್ಸ್ 5, ಒಟ್ಟು 180. ಎಚ್‌ಪಿಗೆ 2,000 ರೂಪಾಯಿ. ಮಷೀನ್ ಶಾಪಿಗೆ 3,00,000, ಹೀಟ್ ಟ್ರೀಟ್‌ಮೆಂಟಿಗೆ 20,000. ಅಡ್ಡಕ್ಕೂ ಉದ್ದಕ್ಕೂ ಕೂಡಿಸಿದರೆ ತಾಳೆ ಬಂತು. ತಾಳೆ ಬಂದ ಲೆಕ್ಕವನ್ನು ಯಾರೂ ಅನುಮಾನಿಸುವುದಿಲ್ಲ, ನಾನಂತೂ ಅನುಮಾನಿಸಲಿಲ್ಲ.

ಆ ಶೀಟಿನ ಪ್ರಕಾರ ಹೀಟ್ ಟ್ರೀಟ್‌ಮೆಂಟಿನ ಖರ್ಚು ಕೂಲಿ, ಎಣ್ಣೆ ಎಲ್ಲ ಸೇರಿ ಕೆಜಿಗೆ 8 ರೂಪಾಯಿ. ತಿಂಗಳಿಗೆ 30,000 ಕೆಜಿ ತೆಗೆಯುವ ಶಕ್ತಿ, ನಮ್ಮ ಸ್ವಂತ ಮಾಲು 20,000. ಉಳಿದ 10,000ಕ್ಕೆ ಹೊರಗಿನ ಜಾಬ್ ವರ್ಕ್ ತರೋಣ ಎಂದು ಸಾಹೇಬರು ನನ್ನನ್ನು ಕರೆದು ದರ ಕೇಳಿದರು. 9.50 ಎಂದೆ. ಗಿರಾಕಿ ಒಂದು ಪೈಸೆ ಚೌಕಾಸಿ ಮಾಡದೆ ಒಪ್ಪಿದ. ಅವತ್ತೇ ನನಗೆ ಹೊಳೆಯಬೇಕಿತ್ತು. ಪುಣೆಯಲ್ಲಿ ಜಾಬ್ ವರ್ಕಿನ ದರಕ್ಕೆ ಚೌಕಾಸಿ ಮಾಡದ ಗಿರಾಕಿ ಇದ್ದಾನೆಂದರೆ ದರದಲ್ಲೇ ಏನೋ ಐಬಿದೆ.

ಇನ್ನೊಂದು ಕಡೆ, ಮಷೀನ್ ಶಾಪಿನ ಗಂಟೆ ದರ ವಿಪರೀತ ಕಾಣುತ್ತಿತ್ತು. ‘ಹೊರಗೆ ಟರ್ನಿಂಗ್ ಮಾಡಿಸಿದರೆ ಅಗ್ಗ’ ಎಂದು ಗೇರ್ ಬ್ಲ್ಯಾಂಕ್‌ಗಳನ್ನು ಹೊರಗಿನ ಲೇತಿನವರಿಗೆ ಕೊಡಲು ಶುರು ಮಾಡಿದರು. ನಮ್ಮ ಲೇತುಗಳು ಸುಮ್ಮನೆ ನಿಂತವು, ಫರ್ನೇಸುಗಳು ಹಗಲು ರಾತ್ರಿ ಉರಿದವು, ಕರೆಂಟ್ ಬಿಲ್ ಏರುತ್ತಲೇ ಹೋಯಿತು. ಯಂತ್ರಗಳ ಕೆಲಸ ಕಡಿಮೆಯಾದರೂ ಬಿಲ್ ಏಕೆ ಏರುತ್ತಿದೆ ಎಂದು ಏಳು ತಿಂಗಳು ಯಾರಿಗೂ ಅರ್ಥವಾಗಲಿಲ್ಲ.

ಕೊನೆಗೆ ಹೇಳಿದವರು ಫರ್ನೇಸ್ ನೋಡಿಕೊಳ್ಳುತ್ತಿದ್ದ ಇಂಡಿ ಕಡೆಯ ಕಾಕಾ. ಸೆಕೆಂಡ್ ಶಿಫ್ಟಿನಲ್ಲಿ ಚಹಾ ಕುಡಿಯುತ್ತ ನನ್ನ ಶೀಟ್ ತೋರಿಸಿ ಗೋಳು ಹೇಳಿಕೊಂಡೆ. ‘ಇಲ್ಲಿ ಹತ್ತ ಅಂತ ಬರದೀಯಲ್ಲ, ಅದೇನು?’ ಎಂದರು. ಬ್ಲೋವರ್, ಸರ್ಕ್ಯುಲೇಶನ್ ಫ್ಯಾನ್, ಎಣ್ಣೆ ಪಂಪು ಎಂದೆ. ಕಾಕಾ ಎದ್ದು ಪ್ಯಾನಲ್ ಬಳಿ ಕರೆದುಕೊಂಡು ಹೋಗಿ ಎರಡೂ ಫರ್ನೇಸಿನ ತಗಡಿನ ಫಲಕ ತೋರಿಸಿದರು: 45 ಕಿಲೋವ್ಯಾಟ್, 45 ಕಿಲೋವ್ಯಾಟ್. ‘ತಮ್ಮಾ, ನೀ ಮೋಟಾರ ಎಣಿಸೀದಿ, ಬೆಂಕಿ ಎಣಿಸೇ ಇಲ್ಲ.’

ನನ್ನ ತಪ್ಪು ಇಷ್ಟೇ, ಆದರೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ಜಾಗದಲ್ಲಿ ಎಡವಿದವರನ್ನು ಆಮೇಲೆ ಎಷ್ಟೋ ಜನ ನೋಡಿದ್ದೇನೆ. ಮೋಟಾರಿನ ಶಕ್ತಿಯನ್ನು ಎಚ್‌ಪಿಯಲ್ಲಿ ಹೇಳುವುದು ರೂಢಿ. ಫರ್ನೇಸಿನ ಹೀಟರನ್ನು ಕಿಲೋವ್ಯಾಟಿನಲ್ಲಿ ಹೇಳುತ್ತಾರೆ, ವೆಲ್ಡಿಂಗ್ ಯಂತ್ರವನ್ನು ಕೆವಿಎಯಲ್ಲಿ. ‘ಎಚ್‌ಪಿ ಪಟ್ಟಿ ಕೊಡಿ’ ಎಂದು ಕೇಳಿದರೆ ಎಚ್‌ಪಿ ಎಂದು ಬರೆದಿರುವುದು ಮಾತ್ರ ಬರುತ್ತದೆ. ಮೆಂಟೆನೆನ್ಸಿನವರು ಸುಳ್ಳು ಕೊಡಲಿಲ್ಲ, ನಾನು ಕೇಳಿದ್ದೇ ತಪ್ಪು. ‘ವಿಭಾಗವಾರು ಜೋಡಿಸಿರುವ ಒಟ್ಟು ಲೋಡ್ ಕೊಡಿ’ ಎಂದು ಕೇಳಬೇಕಿತ್ತು.

ಒಂದು ಎಚ್‌ಪಿ ಎಂದರೆ 0.746 ಕಿಲೋವ್ಯಾಟ್. 90ನ್ನು 0.746ರಿಂದ ಭಾಗಿಸಿದರೆ ಸುಮಾರು 120 ಎಚ್‌ಪಿ. ಅಂದರೆ ಹೀಟ್ ಟ್ರೀಟ್‌ಮೆಂಟಿನದ್ದು 10 ಅಲ್ಲ, 130.

ಅಷ್ಟಕ್ಕೇ ನಿಲ್ಲಿಸಿದರೂ ಅರ್ಧ ಸರಿಯಾದಂತೆ ಮಾತ್ರ. ಎಚ್‌ಪಿ ಎಂಬುದು ಎಷ್ಟು ಎಳೆಯಬಲ್ಲದು ಎಂಬ ಮಾತು, ಎಷ್ಟು ಹೊತ್ತು ಎಳೆಯಿತು ಎಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ಗಂಟೆಯಿಂದ ಗುಣಿಸಬೇಕು. ಲೇತು ಎರಡು ಶಿಫ್ಟ್ ನಡೆಯುತ್ತದೆ ಎಂದರೂ ಜಾಬ್ ಹಾಕುವುದು, ತೆಗೆಯುವುದು, ಟೂಲ್ ಬದಲಿಸುವುದು ಎಲ್ಲ ಕಳೆದು ಮೋಟಾರ್ ತಿರುಗಿದ್ದು ತಿಂಗಳಿಗೆ 200 ಗಂಟೆ. ಫರ್ನೇಸ್ 500 ಗಂಟೆ ಚಾಲೂ, ಆದರೆ ತಾಪ ತಲುಪಿದ ಮೇಲೆ ಹೀಟರ್ ಬಿಟ್ಟು ಬಿಟ್ಟು ಹತ್ತುತ್ತದೆ. ಕಾಕಾ ಜೊತೆ ಗಡಿಯಾರ ಹಿಡಿದು ಕೂತು ನೋಡಿದಾಗ ನೂರರಲ್ಲಿ 60 ಪಾಲು ಸಮಯ ಹತ್ತಿರುತ್ತಿತ್ತು. ಅಂದರೆ 300 ಗಂಟೆ.

ಈಗ ಎಚ್‌ಪಿ-ಗಂಟೆ: ಮಷೀನ್ ಶಾಪ್ 30,000, ಹೀಟ್ ಟ್ರೀಟ್‌ಮೆಂಟ್ 39,000, ಅಸೆಂಬ್ಲಿ 160 ಗಂಟೆಗೆ 2,400, ಮೆಂಟೆನೆನ್ಸ್ 120 ಗಂಟೆಗೆ 600. ಒಟ್ಟು 72,000, ಒಂದಕ್ಕೆ 5 ರೂಪಾಯಿ. ಮಷೀನ್ ಶಾಪಿಗೆ 1,50,000, ಹೀಟ್ ಟ್ರೀಟ್‌ಮೆಂಟಿಗೆ 1,95,000, ಅಸೆಂಬ್ಲಿಗೆ 12,000, ಮೆಂಟೆನೆನ್ಸಿಗೆ 3,000. 20,000 ಎಂದು ನಾನು ಬರೆದಿದ್ದ ಜಾಗದಲ್ಲಿ 1,95,000!

ಕೆಜಿ ಲೆಕ್ಕಕ್ಕೆ ಇಳಿಸಿದರೆ ಕರೆಂಟ್ 67 ಪೈಸೆ ಅಲ್ಲ, 6.50. ನನ್ನ 8 ರೂಪಾಯಿ ನಿಜಕ್ಕೂ 13.83. ನಾವು ತೆಗೆದುಕೊಂಡದ್ದು 9.50. ಕೆಜಿಗೆ 4.33 ಕೈಯಿಂದ ಹಾಕಿ ಬೇರೆಯವರ ಗೇರ್ ಹದ ಮಾಡಿಕೊಡುತ್ತಿದ್ದೆವು. ತಿಂಗಳಿಗೆ 43,300, ಏಳು ತಿಂಗಳಿಗೆ ಮೂರು ಲಕ್ಷದ ಮೇಲೆ. ಆಗ ನನ್ನ ಸಂಬಳ ಎಂಟು ಸಾವಿರ. ಸಾಹೇಬರು ಕೂಗಾಡಲಿಲ್ಲ, ಶೀಟ್ ಮಡಚಿ ಜೇಬಿನಲ್ಲಿಟ್ಟುಕೊಂಡರು. ಕೂಗಾಡಿದ್ದರೆ ಚೆನ್ನಾಗಿತ್ತು.

ಮೊದಲೇ ಗೊತ್ತಾಗಬಹುದಿತ್ತೇ? ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಬಿಲ್ಲಿನಲ್ಲಿ ಯೂನಿಟ್ ಬರೆದಿರುತ್ತದೆ, ನಮ್ಮದು ಸುಮಾರು 46,000. ನನ್ನ ಹಳೆಯ ಪಟ್ಟಿಯ ಎಚ್‌ಪಿಗಳನ್ನು ಅದೇ ಗಂಟೆಗಳಿಂದ ಗುಣಿಸಿದರೆ 36,000 ಎಚ್‌ಪಿ-ಗಂಟೆ, 0.746ರಿಂದ ಗುಣಿಸಿದರೆ 26,856 ಯೂನಿಟ್. ಎಲ್ಲ ಮೋಟಾರು ಪೂರ್ತಿ ಭಾರ ಎಳೆದರೂ ಹೆಚ್ಚುಕಡಿಮೆ ಇಷ್ಟೇ. ಉಳಿದ 19,000 ಯೂನಿಟ್ ತಿಂದದ್ದು ಯಾರು? ಸರಿಪಡಿಸಿದ ಪಟ್ಟಿ 53,712 ಯೂನಿಟ್ ತೋರಿಸುತ್ತದೆ, ಬಿಲ್ಲಿಗಿಂತ ಹೆಚ್ಚು. ಅದು ಸಹಜ, ಏಕೆಂದರೆ ಲೇತಿನ ಮೋಟಾರ್ ಯಾವಾಗಲೂ ಪೂರ್ತಿ ಭಾರ ಎಳೆಯುವುದಿಲ್ಲ. ಪಟ್ಟಿ ಬಿಲ್ಲಿಗಿಂತ ಸ್ವಲ್ಪ ಮೇಲಿದ್ದರೆ ನಂಬಬಹುದು, ಕೆಳಗಿದ್ದರೆ ಏನೋ ಬಿಟ್ಟುಹೋಗಿದೆ.

ಇದೇ ಕಾರಣಕ್ಕೆ ಎಚ್‌ಪಿ-ಗಂಟೆಯೂ ಮಷೀನ್ ಶಾಪಿಗೆ ಸ್ವಲ್ಪ ಅನ್ಯಾಯವೇ ಮಾಡುತ್ತದೆ. ಹೀಟರ್ ಹತ್ತಿದಾಗ ಪೂರ್ತಿ ಎಳೆಯುತ್ತದೆ, ಮೋಟಾರ್ ಹಾಗಲ್ಲ. ಡಿಮ್ಯಾಂಡ್ ಚಾರ್ಜ್ ಕೂಡ ಗಂಟೆಗೆ ಸಂಬಂಧಪಟ್ಟದ್ದಲ್ಲ, ಅದನ್ನು ಜೋಡಿಸಿದ ಲೋಡಿನ ಮೇಲೆ ಬೇರೆಯಾಗಿ ಹಂಚುವುದು ಸರಿ. ನನ್ನ ಮಾತು ಕೇಳುವುದಾದರೆ ಹೆಚ್ಚು ಕರೆಂಟ್ ತಿನ್ನುವ ಒಂದು ವಿಭಾಗಕ್ಕೆ ಸಬ್ ಮೀಟರ್ ಹಾಕಿಸಿ. ಅಳೆಯಲು ಬರುವುದನ್ನು ಅಂದಾಜಿನಲ್ಲಿ ಹಂಚುವ ಗೀಳು ನಮ್ಮವರಿಗೆ ಪರೀಕ್ಷೆಯಿಂದ ಅಂಟಿಕೊಂಡದ್ದು.

ಸವಕಳಿಗೂ ಅದೇ ಮಾತು. ಆಸ್ತಿ ರಿಜಿಸ್ಟರಿನಲ್ಲಿ ಯಂತ್ರವಾರು ಸವಕಳಿ ಬರೆದಿದ್ದರೆ ಹಂಚುವ ಮಾತೇ ಇಲ್ಲ, ಯಂತ್ರ ಯಾವ ವಿಭಾಗದಲ್ಲಿದೆ ಎಂಬ ಒಂದು ಕಾಲಂ ಸೇರಿಸಿ ನೇರವಾಗಿ ಹಾಕಿ. ರಿಜಿಸ್ಟರ್ ಇಲ್ಲದೆ ಒಟ್ಟು ಮೊತ್ತ ಮಾತ್ರ ಇದ್ದಾಗ ಆಸ್ತಿ ಮೌಲ್ಯ ಬೇಕಾಗುತ್ತದೆ. ಆಗ ಸವಕಳಿ ಕಟ್ಟಿದ್ದು ಮೂಲ ಬೆಲೆಯ ಮೇಲಾದರೆ ಹಂಚುವುದೂ ಮೂಲ ಬೆಲೆಯ ಮೇಲೆ, ಉಳಿಕೆ ಮೌಲ್ಯದ ಮೇಲಾದರೆ ಉಳಿಕೆ ಮೌಲ್ಯದ ಮೇಲೆ. ಎರಡನ್ನೂ ಕಲಸಿದರೆ ಹಳೆಯ ಯಂತ್ರದ ಪಾಲನ್ನು ಹೊಸದು, ಇಲ್ಲವೇ ಹೊಸದರ ಪಾಲನ್ನು ಹಳೆಯದು ಹೊರುತ್ತದೆ.

ಎಲ್ಲಕ್ಕೂ ವಿಸ್ತೀರ್ಣ ಸಾಕೇ ಎಂದಿರಿ. ನಮ್ಮ ಫರ್ನೇಸ್ ಕೋಣೆ ಜಾಗದಲ್ಲಿ ನೂರಕ್ಕೆ 15, ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು. ಸ್ಟೋರ್ಸ್ ಕೂಡ ಅಷ್ಟೇ ಜಾಗ, ಅಲ್ಲಿ ಒಂದು ಮೋಟಾರೂ ಇರಲಿಲ್ಲ. ಇಷ್ಟು ಸಾಕಲ್ಲ? ಆದರೆ ‘ಎಚ್‌ಪಿಯೇ ಸರಿ’ ಎಂಬ ನಿಮ್ಮವರ ಮಾತನ್ನೂ ನಾನು ಒಪ್ಪುವುದಿಲ್ಲ.

ಇವತ್ತು ಊಟದ ನಂತರ ಪೌಡರ್ ಕೋಟಿಂಗ್ ಓವನ್ ಹತ್ತಿರ ಹೋಗಿ ಅದರ ಫಲಕ ನೋಡಿ. ಆ 6 ಎಚ್‌ಪಿ ಬಹುಶಃ ಬ್ಲೋವರ್ ಮತ್ತು ಕನ್ವೇಯರ್ ಮಾತ್ರ. ಹೀಟರ್ ಇದ್ದರೆ ಕಿಲೋವ್ಯಾಟ್ ಬರೆದುಕೊಳ್ಳಿ. ಗ್ಯಾಸ್ ಅಥವಾ ಡೀಸೆಲ್ ಬರ್ನರ್ ಇದ್ದರೆ 6 ಸರಿಯೇ ಇರಬಹುದು, ಆಗ ಆ ಇಂಧನದ ಬಿಲ್ ಯಾವ ಖಾತೆಗೆ ಹೋಗುತ್ತಿದೆ, ಅದೂ ಎಲ್ಲ ವಿಭಾಗಕ್ಕೆ ಹಂಚಿಹೋಗುತ್ತಿದೆಯೇ ನೋಡಿ. ವೆಲ್ಡಿಂಗಿನ 12ರಲ್ಲಿ ವೆಲ್ಡಿಂಗ್ ಸೆಟ್ಟುಗಳು ಸೇರಿವೆಯೇ ಎಂಬುದನ್ನೂ ಅಲ್ಲಿಯವರನ್ನೇ ಕೇಳಿ.