ಬೋರ್ಡು ಬ್ರ್ಯಾಂಡಿನದು, ಬಿಲ್ಲು ಯಾರದು?

ಪ್ರಶ್ನೆ: ಕುಶಾಲನಗರದಲ್ಲಿ ಹೆಸರಾಂತ ಬ್ರ್ಯಾಂಡಿನ ಸಲೂನ್‌ನಲ್ಲಿ ₹24,000 ಕಟ್ಟಿ ಒಂದು ವರ್ಷದ ಪ್ಯಾಕೇಜ್ ತೆಗೆದುಕೊಂಡೆವು. ನಾಲ್ಕೇ ತಿಂಗಳಿಗೆ ಅಂಗಡಿ ಬಾಗಿಲು ಹಾಕಿತು. ಮೈಸೂರಿನ ಶಾಖೆಗೆ ಹೋಗಿ ಕೇಳಿದರೆ ‘ಅದು ಫ್ರಾಂಚೈಸಿ, ನಮಗೂ ಅದಕ್ಕೂ ಸಂಬಂಧ ಇಲ್ಲ’ ಅಂತಾರೆ. ಇಲ್ಲಿನ ಮ್ಯಾನೇಜರ್ ಮಾತ್ರ ‘ನಾವು ಕಂಪನಿಯವರೇ ಮೇಡಂ’ ಅಂತಿದ್ದರು. ನಿಜ ತಿಳಿಯೋದು ಹೇಗೆ? ಎರಡೂ ಅಂಗಡಿಯ ಬಿಲ್ಲಿನ ಫೋಟೋ ಕಳಿಸಿದ್ದೇನೆ. — ಕುಶಾಲನಗರದ ಓದುಗರು

ಉತ್ತರ: ಮ್ಯಾನೇಜರನ್ನು ಕೇಳುವುದು, ಬೋರ್ಡು ನೋಡುವುದು, ಹುಡುಗರ ಯೂನಿಫಾರ್ಮ್ ನೋಡುವುದು: ಈ ಮೂರನ್ನೂ ಬಿಟ್ಟುಬಿಡಿ. ಬೋರ್ಡು, ಬಣ್ಣ, ಯೂನಿಫಾರ್ಮ್, ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲವನ್ನೂ ಬ್ರ್ಯಾಂಡೇ ಒದಗಿಸುತ್ತದೆ. ಎರಡು ಅಂಗಡಿಗಳಲ್ಲಿ ವ್ಯತ್ಯಾಸ ಕಾಣಬಾರದು ಎನ್ನುವುದಕ್ಕೇ ಫ್ರಾಂಚೈಸಿ ಒಪ್ಪಂದ ಇರುವುದು. ಮಾಲೀಕ ಬೇರೆಯಾದರೆ ಬದಲಾಗಲೇಬೇಕಾದದ್ದು ಒಂದೇ, ತೆರಿಗೆ ಇಲಾಖೆಯ ಮುಂದೆ ಅವನ ಗುರುತು. ಅದು ನಿಮ್ಮ ಬಿಲ್ಲಿನ ಮೇಲೆ 15 ಅಕ್ಷರಗಳ ಜಿಎಸ್‌ಟಿ ನಂಬರ್ ಆಗಿ, ಅಂದರೆ GSTIN ಆಗಿ, ಅಚ್ಚಾಗಿದೆ.

ಎರಡು ಬಿಲ್ಲುಗಳನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ನಿಮ್ಮ ನಿಜವಾದ ನಂಬರ್‌ಗಳನ್ನು ಇಲ್ಲಿ ಹಾಕುವುದಿಲ್ಲ. ಅದೇ ಮಾದರಿಯ ಸುಳ್ಳು ನಂಬರ್‌ಗಳು ಇವು, ಸುಲಭವಾಗಿ ಕಾಣಲಿ ಎಂದು ನಡುವೆ ಜಾಗ ಬಿಟ್ಟಿದ್ದೇನೆ:

```
29 AAAFK0000A 1 Z 5    ಕುಶಾಲನಗರ
29 AAACB0000B 1 Z 3    ಮೈಸೂರು
```

ಮೊದಲ 29 ಕರ್ನಾಟಕದ ಸಂಖ್ಯೆ, ಎರಡರಲ್ಲೂ ಒಂದೇ ಇರುತ್ತದೆ. ಅದನ್ನು ನೋಡಿ ‘ನಂಬರ್ ಒಂದೇ ಥರ ಇದೆ ಸರ್’ ಎಂದು ಬರೆಯುವವರು ಬಹಳ ಮಂದಿ. ನೋಡಬೇಕಾದದ್ದು ನಡುವಿನ ಹತ್ತು ಅಕ್ಷರಗಳನ್ನು, ಅಂದರೆ 3ರಿಂದ 12ರವರೆಗಿನದನ್ನು. ಅದು ಮಾಲೀಕರ ಪ್ಯಾನ್. ಕಂಪನಿಯೊಂದಕ್ಕೆ ದೇಶದ ತುಂಬ ನೂರು ಅಂಗಡಿ ಇದ್ದರೂ ಪ್ಯಾನ್ ಒಂದೇ. ಬೇರೆ ರಾಜ್ಯಕ್ಕೆ ಹೋದರೆ ಮೊದಲ ಎರಡು ಅಂಕಿ ಬದಲಾಗುತ್ತವೆ. ಒಂದೇ ರಾಜ್ಯದಲ್ಲಿ ಎರಡನೇ ನೋಂದಣಿ ಮಾಡಿಸಿದ್ದರೆ 13ನೇ ಅಕ್ಷರ ಬದಲಾಗುತ್ತದೆ. ನಡುವಿನ ಹತ್ತು ಮಾತ್ರ ಅಲುಗಾಡುವುದಿಲ್ಲ. ನಿಮ್ಮ ಎರಡು ಬಿಲ್ಲುಗಳಲ್ಲಿ ಆ ಹತ್ತೇ ಬೇರೆ ಬೇರೆ ಇವೆ. ಅಲ್ಲಿಗೆ ಎರಡೂ ಅಂಗಡಿಗೆ ಮಾಲೀಕರು ಒಬ್ಬರಲ್ಲ ಎಂಬುದು ತೀರ್ಮಾನವಾಯಿತು.

ಆದರೆ ಇಬ್ಬರಲ್ಲಿ ಕಂಪನಿ ಯಾರು? ಮೈಸೂರಿನವರೂ ಇನ್ನೊಬ್ಬ ಫ್ರಾಂಚೈಸಿ ಆಗಿರಬಹುದಲ್ಲ! ಪ್ಯಾನ್‌ನ ನಾಲ್ಕನೇ ಅಕ್ಷರ, ಅಂದರೆ ಇಡೀ ನಂಬರಿನ ಆರನೆಯದು, ಮಾಲೀಕರು ಯಾವ ಬಗೆಯವರು ಎಂದು ಹೇಳುತ್ತದೆ. P ಇದ್ದರೆ ಒಬ್ಬ ವ್ಯಕ್ತಿ, F ಇದ್ದರೆ ಪಾಲುದಾರಿಕೆ ಸಂಸ್ಥೆ, H ಇದ್ದರೆ ಅವಿಭಕ್ತ ಹಿಂದೂ ಕುಟುಂಬ, C ಇದ್ದರೆ ಕಂಪನಿ. ಕುಶಾಲನಗರದ್ದು F. ‘ಕಂಪನಿಯವರೇ’ ಎಂದ ಮ್ಯಾನೇಜರ್ ಮಾತು ಇಲ್ಲಿಗೇ ಬಿದ್ದುಹೋಯಿತು. ಮೈಸೂರಿನದು C. ಇದರಿಂದ ಅದು ಒಂದು ಕಂಪನಿ ಎಂದಷ್ಟೇ ಗೊತ್ತಾಯಿತು, ಬ್ರ್ಯಾಂಡಿನ ಕಂಪನಿಯೇ ಎಂದಲ್ಲ. ಇಬ್ಬರು ಅಣ್ಣತಮ್ಮಂದಿರು ಸೇರಿ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡು ಫ್ರಾಂಚೈಸಿ ತೆಗೆದುಕೊಂಡರೂ ಅಲ್ಲಿ C ಬರುತ್ತದೆ.

ಈಗ services.gst.gov.in ತೆರೆಯಿರಿ. ಲಾಗಿನ್ ಬೇಡ, ದುಡ್ಡೂ ಬೇಡ. Search Taxpayer ಒತ್ತಿ, ಅದರೊಳಗೆ Search by GSTIN/UIN ಆರಿಸಿ, ನಂಬರ್ ಹಾಕಿ. ತಪ್ಪು ನಂಬರ್ ಎಂದು ಬಂದರೆ ಬಿಲ್ಲು ನಕಲಿ ಎಂದು ಕೂಗಾಡಬೇಡಿ. ಥರ್ಮಲ್ ಕಾಗದದಲ್ಲಿ 0 ಮತ್ತು O, 2 ಮತ್ತು Z ಒಂದೇ ಥರ ಕಾಣುತ್ತವೆ. 3ರಿಂದ 7ರವರೆಗೆ ಅಕ್ಷರಗಳೇ, 8ರಿಂದ 11ರವರೆಗೆ ಅಂಕಿಗಳೇ, 12ನೆಯದು ಮತ್ತೆ ಅಕ್ಷರ, 14ನೆಯದು ಸಾಮಾನ್ಯವಾಗಿ Z. ಈ ಲೆಕ್ಕದಲ್ಲಿ ತಿದ್ದಿ ಹಾಕಿ. ಥರ್ಮಲ್ ಬಿಲ್ಲು ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ, ನೀವು ಫೋಟೋ ತೆಗೆದಿಟ್ಟದ್ದು ಒಳ್ಳೆಯದಾಯಿತು.

ತೆರೆಯುವ ಪುಟದಲ್ಲಿ Legal Name of Business ಮತ್ತು Trade Name ಎಂದು ಎರಡು ಹೆಸರು ಬರುತ್ತವೆ. ಎಡವುವುದು ಇಲ್ಲೇ. Trade Name ಎಂದರೆ ವ್ಯಾಪಾರಿ ನೋಂದಣಿ ಮಾಡಿಸುವಾಗ ತಾನೇ ಬರೆದುಕೊಟ್ಟ ಅಂಗಡಿಯ ಹೆಸರು. ಅಲ್ಲಿ ಬ್ರ್ಯಾಂಡಿನ ಹೆಸರು ಇದ್ದರೆ ಏನೂ ಸಾಬೀತಾಗುವುದಿಲ್ಲ. Legal Name ಪ್ಯಾನ್‌ನಲ್ಲಿರುವ ಹೆಸರು, ಅದನ್ನು ಮನಸ್ಸಿಗೆ ಬಂದಂತೆ ಬರೆಯಲು ಆಗುವುದಿಲ್ಲ. ಕುಶಾಲನಗರದ ನಂಬರಿಗೆ Trade Name ಬ್ರ್ಯಾಂಡಿನದೇ, Legal Name ಮಾತ್ರ ಊರಿನ ಒಂದು ಪಾಲುದಾರಿಕೆ ಸಂಸ್ಥೆಯದು. Constitution of Business ಎದುರು Partnership ಎಂದಿದೆ, Principal Place of Business ಅದೇ ಅಂಗಡಿಯ ವಿಳಾಸ. ಕಂಪನಿಯದೇ ಅಂಗಡಿಯಾಗಿದ್ದರೆ ಅಲ್ಲಿ ಸಾಮಾನ್ಯವಾಗಿ ಬೆಂಗಳೂರಿನ ಯಾವುದೋ ಕಚೇರಿಯ ವಿಳಾಸ ಇರುತ್ತಿತ್ತು, ಕುಶಾಲನಗರದ ಅಂಗಡಿ ಹೆಚ್ಚುವರಿ ವಿಳಾಸವಾಗಿ ಸೇರಿರುತ್ತಿತ್ತು.

ಮೈಸೂರಿನ ನಂಬರಿಗೆ ಬಂದ Legal Name ಹಿಡಿದುಕೊಂಡು ಬ್ರ್ಯಾಂಡಿನ ವೆಬ್‌ಸೈಟಿಗೆ ಹೋಗಿ, ಕೆಳಗಿರುವ ನಿಬಂಧನೆಗಳ ಪುಟ ಓದಿ. ಅಲ್ಲಿ ಕಂಪನಿಯ ಪೂರ್ತಿ ಹೆಸರು ಇರುತ್ತದೆ. ಎರಡೂ ಅಕ್ಷರಶಃ ಒಂದೇ ಆದರೆ ಮೈಸೂರಿನದು ಕಂಪನಿಯ ಅಂಗಡಿ, ನಿಮ್ಮ ವಿಷಯದಲ್ಲಿ ಹಾಗೇ ಇದೆ. ಹೆಸರು ಸ್ವಲ್ಪ ಬೇರೆಯಾಗಿದ್ದರೆ mca.gov.in ನಲ್ಲಿ ಕಂಪನಿಯ ಮಾಸ್ಟರ್ ಡೇಟಾ ತೆಗೆದು ನೋಂದಾಯಿತ ವಿಳಾಸ, ನಿರ್ದೇಶಕರು ಯಾರು ಎಂದು ಹೋಲಿಸಬೇಕು. ಹೆಸರು ಬೇರೆ ಎಂದ ಮಾತ್ರಕ್ಕೆ ಊರಿನ ಯಾರೋ ನಡೆಸುತ್ತಿದ್ದಾರೆ ಎಂದುಕೊಳ್ಳಬೇಡಿ. ಡೊಮಿನೋಸ್ ಬಿಲ್ಲಿನಲ್ಲಿ ಜುಬಿಲಂಟ್ ಫುಡ್‌ವರ್ಕ್ಸ್ ಎಂದಿರುತ್ತದೆ. ದಕ್ಷಿಣದ ಮೆಕ್‌ಡೊನಾಲ್ಡ್ಸ್ ಮಳಿಗೆಗಳನ್ನು ನಡೆಸುವುದು ವೆಸ್ಟ್‌ಲೈಫ್ ಸಮೂಹದ ಹಾರ್ಡ್‌ಕ್ಯಾಸಲ್ ರೆಸ್ಟೋರೆಂಟ್ಸ್. ಇವರೂ ವಿದೇಶಿ ಬ್ರ್ಯಾಂಡಿನ ಫ್ರಾಂಚೈಸಿಗಳೇ, ಆದರೆ ಒಂದು ಅಂಗಡಿ ಹಾಕಿ ಕೂತವರಲ್ಲ, ಪ್ರಾಂತ್ಯಕ್ಕೆ ಪ್ರಾಂತ್ಯವನ್ನೇ ವಹಿಸಿಕೊಂಡವರು.

ಅದೇ ಪುಟದಲ್ಲಿ ಇನ್ನೆರಡು ನೋಡಿ. GSTIN Status ಎದುರು Active ಇದೆಯೋ, ರದ್ದಾಗಿದೆಯೋ? ರದ್ದಾಗಿದ್ದರೆ ಯಾವ ದಿನದಿಂದ? ನಿಮ್ಮ ಬಿಲ್ಲಿನ ತಾರೀಖು ಆ ದಿನದ ನಂತರದ್ದಾಗಿದ್ದರೆ, ತೆರಿಗೆ ವಸೂಲಿ ಮಾಡುವ ಹಕ್ಕೇ ಇಲ್ಲದವನು ನಿಮ್ಮಿಂದ ತೆರಿಗೆ ತೆಗೆದುಕೊಂಡಿದ್ದಾನೆ ಎಂದರ್ಥ. ಇನ್ನೊಂದು Show Filing Table. ಒತ್ತಿದರೆ ಯಾವ ತಿಂಗಳವರೆಗೆ ರಿಟರ್ನ್ ಸಲ್ಲಿಸಿದ್ದಾರೆ ಎಂದು ಕಾಣುತ್ತದೆ. ಪ್ಯಾಕೇಜ್ ಮಾರಿದ ಹೊತ್ತಿಗಾಗಲೇ ರಿಟರ್ನ್ ನಿಂತಿದ್ದರೆ ಆ ಪರದೆಯ ಪ್ರಿಂಟ್ ತೆಗೆದಿಡಿ, ಮುಂದೆ ಬೇಕಾಗುತ್ತದೆ.

ಈ ವಿಧಾನಕ್ಕೂ ಒಂದು ಮಿತಿ ಇದೆ. ಬಿಲ್ಲು ಹೇಳುವುದು ನಿಮಗೆ ಮಾರಿದವರು ಯಾರು ಎಂದು, ಅಂಗಡಿಗೆ ಬಂಡವಾಳ ಹಾಕಿದವರು ಯಾರು ಎಂದಲ್ಲ. ಕೆಲವು ಬಟ್ಟೆ, ಚಪ್ಪಲಿ ಬ್ರ್ಯಾಂಡುಗಳಲ್ಲಿ ಅಂಗಡಿ ನಡೆಸುವವನು ಊರಿನವನು, ಮಾಲು ಕಂಪನಿಯದು, ಅವನಿಗೆ ಕಮಿಷನ್. ಬಿಲ್ಲು ಕಂಪನಿಯ ನಂಬರಿನಲ್ಲೇ ಬರುತ್ತದೆ. ಇನ್ನು ಕೆಲವು ಕಡೆ ದುಡ್ಡು ಊರಿನವರದು, ನಡೆಸುವುದು ಕಂಪನಿ. ಗಿರಾಕಿಗೆ ಈ ಒಳಲೆಕ್ಕ ಬೇಡ, ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರನ್ನು ಹಿಡಿಯಬೇಕು. ಅಲ್ಲಿ ಕೆಲಸ ಮಾಡುವವರಿಗೆ, ಕಟ್ಟಡ ಬಾಡಿಗೆಗೆ ಕೊಟ್ಟವರಿಗೆ ಲೆಕ್ಕ ಬೇರೆ. ಅವರು ನೋಡಬೇಕಾದದ್ದು ಸಂಬಳದ ಚೀಟಿ, ಪಿಎಫ್ ಖಾತೆಯಲ್ಲಿರುವ ಸಂಸ್ಥೆಯ ಹೆಸರು, ಕರಾರುಪತ್ರದ ಸಹಿ.

ನಿಮ್ಮ ₹24,000ಕ್ಕೆ ಬರೋಣ. ಮಾರಿದ್ದು ಪಾಲುದಾರಿಕೆ ಸಂಸ್ಥೆ, ಮೊದಲ ಎದುರುದಾರ ಅದೇ. ಪಾಲುದಾರರ ಹೆಸರಿಗೆ ಮಡಿಕೇರಿಯ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಸಂಸ್ಥೆಯ ನೋಂದಣಿ ಕಡ್ಡಾಯವಲ್ಲದ್ದರಿಂದ ಅಲ್ಲಿ ಸಿಗದೆಯೂ ಇರಬಹುದು. ಸಿಗದಿದ್ದರೆ ಪುರಸಭೆಗೆ ₹10 ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಆ ಕಟ್ಟಡದ ವ್ಯಾಪಾರ ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ಕೇಳಿ.

ಇನ್ನು ಬ್ರ್ಯಾಂಡಿನ ಕಂಪನಿ. ‘ಫ್ರಾಂಚೈಸಿ, ಸಂಬಂಧ ಇಲ್ಲ’ ಎಂದ ಕೂಡಲೇ ಕೈತೊಳೆದುಕೊಳ್ಳಲು ಆಗುವುದಿಲ್ಲ, ಹಾಗೆಂದು ಅದರ ಹೊಣೆ ತಾನಾಗಿ ಬರುವುದೂ ಇಲ್ಲ. ನಿಮ್ಮ ಪ್ಯಾಕೇಜ್ ಕಾರ್ಡ್ ತಿರುಗಿಸಿ ನೋಡಿ. ‘ಎಲ್ಲ ಶಾಖೆಗಳಲ್ಲೂ ಮಾನ್ಯ’ ಎಂದಿದೆಯೇ? ಹಣ ಕಟ್ಟಿದ್ದು ಕಂಪನಿಯ ಆ್ಯಪ್ ಮೂಲಕವೇ? ಮೆಸೇಜ್ ಕಂಪನಿಯ ಹೆಸರಿನಲ್ಲಿ ಬಂದಿತ್ತೇ? ಇವುಗಳಲ್ಲಿ ಒಂದಿದ್ದರೂ ನಿಮ್ಮ ವಾದಕ್ಕೆ ಬಲ ಬರುತ್ತದೆ. ಇಬ್ಬರಿಗೂ ನೋಟಿಸ್ ಕೊಡಿ. ಜಗ್ಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಇಷ್ಟು ಮೊತ್ತಕ್ಕೆ ಶುಲ್ಕವಿಲ್ಲ, ಗಡುವು ಎರಡು ವರ್ಷ. ದೂರಿನಲ್ಲಿ ಬೋರ್ಡಿನ ಹೆಸರು ಬರೆಯಬೇಡಿ, Legal Name ಬರೆಯಿರಿ. ಬೋರ್ಡಿನ ಹೆಸರಿಗೆ ಹೋದ ನೋಟಿಸ್ ವಿಳಾಸದಾರರಿಲ್ಲ ಎಂದು ವಾಪಸ್ ಬರುತ್ತದೆ.

ಪ್ರಶ್ನೆ: ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಒಬ್ಬ ವ್ಯಕ್ತಿಯ ಹೆಸರು ಬಂತು. ಹಾಗಾದರೆ ಅದು ಫ್ರಾಂಚೈಸಿ ತಾನೇ? — ವಿರಾಜಪೇಟೆ

ಉತ್ತರ: ಅನುಮಾನಕ್ಕೆ ಸಾಕು, ಸಾಕ್ಷಿಗೆ ಸಾಲದು. ಬಿಲ್ಲು ಕೇಳಿ.

ಪ್ರಶ್ನೆ: ನಮ್ಮೂರಿನ ಬೇಕರಿ ಔಟ್‌ಲೆಟ್ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರೇ ಇಲ್ಲ. — ಸೋಮವಾರಪೇಟೆ

ಉತ್ತರ: ವಹಿವಾಟು ಮಿತಿಯೊಳಗಿದ್ದರೆ ನಂಬರ್ ಇರಬೇಕೆಂದಿಲ್ಲ, ಆದರೆ ತೆರಿಗೆ ಎಂದು ಒಂದು ಪೈಸೆಯನ್ನೂ ಸೇರಿಸುವಂತಿಲ್ಲ. ಅಂದಹಾಗೆ, ದೊಡ್ಡ ಬ್ರ್ಯಾಂಡಿನ ಅಂಗಡಿಗೆ ನಂಬರೇ ಇಲ್ಲ ಎಂದರೆ ಅದು ಕಂಪನಿಯದ್ದಲ್ಲ ಎಂಬುದಕ್ಕೆ ಅದೇ ಗುರುತು. ತಿಂಡಿಯ ಅಂಗಡಿಯಾದ್ದರಿಂದ 14 ಅಂಕಿಯ ಎಫ್ಎಸ್ಎಸ್ಎಐ ನಂಬರ್ ಹಿಡಿಯಿರಿ. ಅದನ್ನು ಅಂಗಡಿಗೆ ಅಂಗಡಿಯೇ ಬೇರೆ ಬೇರೆ ತೆಗೆದುಕೊಳ್ಳಬೇಕು, foscos.fssai.gov.in ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಸಿಗುತ್ತದೆ. 2ರಿಂದ ಶುರುವಾದರೆ ಸಣ್ಣವರಿಗೆ ಕೊಡುವ ನೋಂದಣಿ, 1ರಿಂದ ಶುರುವಾದರೆ ಲೈಸೆನ್ಸ್.

ಪ್ರಶ್ನೆ: ಅಂಗಡಿ ಕಂಪನಿಯದೇ ಎಂದು ಸರ್ಟಿಫಿಕೇಟ್ ಮಾಡಿಸಿಕೊಡಲು ಏಜೆಂಟರು ₹3,000 ಕೇಳುತ್ತಿದ್ದಾರೆ. ಕೊಡಬಹುದೇ? — ಮಡಿಕೇರಿ

ಉತ್ತರ: ಅಂಥ ಸರ್ಟಿಫಿಕೇಟ್ ಯಾವ ಇಲಾಖೆಯೂ ಕೊಡುವುದಿಲ್ಲ. ಅವರು ಕೊಡುವುದು ಮೇಲೆ ಹೇಳಿದ ಪುಟದ್ದೇ ಪ್ರಿಂಟು, ಮೇಲೊಂದು ಸೀಲು.

ಪ್ರಶ್ನೆ: ಹೆಸರಾಂತ ಕೆಫೆಯೊಂದರ ಗೋಣಿಕೊಪ್ಪದ ಔಟ್‌ಲೆಟ್‌ಗೆ ಕಾಫಿಪುಡಿ, ಜೇನು ಉದ್ರಿ ಕೊಡುತ್ತಿದ್ದೇನೆ. ಬ್ರ್ಯಾಂಡ್ ದೊಡ್ಡದು, ದುಡ್ಡಿಗೆ ಮೋಸ ಇಲ್ಲ ಅಂತಾರೆ. — ಸುಂಟಿಕೊಪ್ಪ

ಉತ್ತರ: ಯಾರು ಅಂತಾರೆ? ಖರೀದಿ ಆದೇಶವನ್ನು ಬರಹದಲ್ಲಿ ತೆಗೆದುಕೊಳ್ಳಿ, ಅದರ ಮೇಲಿನ ಜಿಎಸ್‌ಟಿ ನಂಬರನ್ನು ಮೇಲಿನ ರೀತಿಯಲ್ಲೇ ನೋಡಿ. ಆರನೇ ಅಕ್ಷರ P ಆಗಿದ್ದರೆ ನೀವು ಉದ್ರಿ ಕೊಡುತ್ತಿರುವುದು ಆ ಒಬ್ಬ ವ್ಯಕ್ತಿಗೆ, ಬ್ರ್ಯಾಂಡಿಗಲ್ಲ. ನಿಮ್ಮ ಬಿಲ್ಲನ್ನೂ ಆ Legal Name ಗೇ ಬರೆಯಿರಿ. ಹಳೆಯ ಬಾಕಿ ಕೈಗೆ ಬರುವವರೆಗೆ ಹೊಸ ಮಾಲು ಇಳಿಸಬೇಡಿ.