ಅಸಿಟಿಲೀನ್ ಬಂದ ತಕ್ಷಣ ಟ್ಯಾಂಕ್ ಬಿಚ್ಚಿಸಬೇಡಿ

ಪ್ರಶ್ನೆ: ನಮ್ಮ 110/11 ಕೆವಿ ಟ್ರಾನ್ಸ್‌ಫಾರ್ಮರ್‌ನ ಎಣ್ಣೆಯಲ್ಲಿ ಕರಗಿದ ಅನಿಲಗಳನ್ನು ಅಳೆಯುವ ಡಿಜಿಎ ರಿಪೋರ್ಟ್ ಬಂತು. ಹೈಡ್ರೋಜನ್ 14, ಮೀಥೇನ್ 5, ಈಥೇನ್ 6, ಎಥಿಲೀನ್ 11, ಅಸಿಟಿಲೀನ್ 42 ಪಿಪಿಎಂ. ಒಳಗೆ ಆರ್ಕಿಂಗ್ ಆಗ್ತಿದೆಯಾ? ಬಿಚ್ಚಿಸಬೇಕಾ?

ಸರ್, ನಿಮ್ಮದರಲ್ಲಿ ಓಎಲ್‌ಟಿಸಿ, ಅಂದರೆ ಲೋಡ್ ಇರುವಾಗಲೇ ಟ್ಯಾಪ್ ಬದಲಿಸುವ ಟ್ಯಾಪ್ ಚೇಂಜರ್ ಇದೆಯಾ? ಇದ್ದರೆ ಮೊದಲು ಅದನ್ನೇ ಅನುಮಾನಿಸಿ.

ಐಇಸಿ 60599 ಮಾನದಂಡದ ಮೂರು ಅನುಪಾತ ಹಾಕಿದರೆ ಸಣ್ಣ ಶಕ್ತಿಯ ಡಿಸ್ಚಾರ್ಜ್ ಅಂತಲೇ ಬರುತ್ತದೆ. ಅಸಿಟಿಲೀನ್/ಎಥಿಲೀನ್ 3.8, ಮೀಥೇನ್/ಹೈಡ್ರೋಜನ್ 0.36, ಎಥಿಲೀನ್/ಈಥೇನ್ 1.8. ಆದರೆ ಅಸಿಟಿಲೀನನ್ನು ಹೈಡ್ರೋಜನ್‌ನಿಂದ ಭಾಗಿಸಿ ನೋಡಿ, 3 ಬರುತ್ತದೆ. ಇದು 2–3 ದಾಟಿದರೆ ಟ್ಯಾಪ್ ಚೇಂಜರ್‌ನ ಅನಿಲ ಮೇನ್ ಟ್ಯಾಂಕಿಗೆ ಸೇರಿದೆ ಅನ್ನುವ ಸುಳಿವು.

ಕಾರಣ ಸರಳ. ಟ್ಯಾಪ್ ಚೇಂಜರ್ ಒಳಗಿನ ಡೈವರ್ಟರ್ ಸ್ವಿಚ್ ಪ್ರತಿ ಸಲ ಟ್ಯಾಪ್ ಬದಲಿಸುವಾಗಲೂ ಕಿಡಿ ಹಾರುತ್ತದೆ, ಎರಡೂ ಅನಿಲ ಹುಟ್ಟುತ್ತವೆ. ಹೈಡ್ರೋಜನ್ ಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ, ಬ್ರೀದರ್ ದಾರಿ ಹಿಡಿದು ಹೋಗಿಬಿಡುತ್ತದೆ. ಅಸಿಟಿಲೀನ್ ಚೆನ್ನಾಗಿ ಕರಗಿ ಅಲ್ಲೇ ಉಳಿಯುತ್ತದೆ. ಮೇನ್ ಟ್ಯಾಂಕಿನಲ್ಲೇ ಆರ್ಕ್ ಆಗಿದ್ದರೆ ಹೈಡ್ರೋಜನ್ ಸಾಮಾನ್ಯವಾಗಿ ಅಸಿಟಿಲೀನ್‌ಗಿಂತ ಜಾಸ್ತಿ ಕಾಣಬೇಕಿತ್ತು.

ಆದರೆ ಸ್ಯಾಂಪಲ್ ಹೇಗೆ ತೆಗೆದರು ಅಂತಲೂ ಕೇಳಿ. ಗಾಜಿನ ಸಿರಿಂಜ್ ಬಿಟ್ಟು ನೀರಿನ ಬಾಟಲಿಯಲ್ಲಿ ಅರ್ಧ ಎಣ್ಣೆ ತುಂಬಿ ತಂದವರನ್ನೂ ಹುಬ್ಬಳ್ಳಿಯಲ್ಲಿ ನೋಡಿದ್ದೇನೆ! ಹಾಗೆ ತಂದರೆ ಹೈಡ್ರೋಜನ್ ದಾರಿಯಲ್ಲೇ ಹಾರಿಹೋಗಿ ಅನುಪಾತ ಸುಮ್ನೆ ಏರುತ್ತದೆ.

ಧಾರವಾಡದ ಒಂದು ಕಾರ್ಖಾನೆಯಲ್ಲಿ ನಾನು ನೋಡಿದ್ದೂ ಇದೇ. ಅಸಿಟಿಲೀನ್ 31, ಹೈಡ್ರೋಜನ್ 10. "ಟ್ರಿಪ್ ಆಗಿಲ್ರಿ, ಸಪ್ಪಳಾನೂ ಇಲ್ರಿ" ಅಂದರು ಆಪರೇಟರ್. ಶಟ್‌ಡೌನ್ ತೆಗೆದುಕೊಂಡು ಡೈವರ್ಟರ್ ಎತ್ತಿ, ಅದರ ಪೀಪಾಯಿಯ ಎಣ್ಣೆ ಖಾಲಿ ಮಾಡಿ, ಒಳಗೋಡೆ ಬಟ್ಟೆಯಿಂದ ಒರೆಸಿ ರಾತ್ರಿ ಹಾಗೇ ಬಿಟ್ಟೆವು. ಬೆಳಿಗ್ಗೆ ಟಾರ್ಚ್ ಬಿಟ್ಟರೆ ತಳದ ಜಾಯಿಂಟ್ ಸುತ್ತ ಬೆವರಿನ ಹನಿಯಂತೆ ಎಣ್ಣೆ ಕೂತಿತ್ತು. ಮೇನ್ ಟ್ಯಾಂಕಿನ ಎಣ್ಣೆ ಒಳಗೆ ಬರುತ್ತಿತ್ತು, ಅಂದರೆ ಆ ಸೀಲ್ ಎರಡೂ ಕಡೆಗೆ ದಾರಿ ಬಿಟ್ಟಿತ್ತು. ಓ-ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗಿತ್ತು.

ಅದನ್ನು ಬದಲಿಸಿದ ಮೇಲೂ ಹಳೆಯ ಅಸಿಟಿಲೀನ್ ಮೇನ್ ಟ್ಯಾಂಕಿನಲ್ಲೇ ಇರುತ್ತದೆ. ಅದನ್ನು ನೋಡಿ ಮತ್ತೆ ಗಾಬರಿಯಾಗಬೇಡಿ. ರಿಪೇರಿಯ ನಂತರದ ಮೊದಲ ರಿಪೋರ್ಟನ್ನು ತಳಪಾಯ ಮಾಡಿಕೊಂಡು, ಅದರ ಮೇಲೆ ಎಷ್ಟು ಏರಿತೋ ಆ ಏರಿಕೆಗೆ ಮಾತ್ರ ಅನುಪಾತ ಹಾಕಿ. ಅಲ್ಲಿ ಒಂದು ತಿಂಗಳಾದ ಮೇಲೂ ಅಂಕಿ ಅಲುಗಿರಲಿಲ್ಲ.

ನೀವು ಈಗ ಮೇನ್ ಟ್ಯಾಂಕ್, ಟ್ಯಾಪ್ ಚೇಂಜರ್ ಎರಡೂ ಕಡೆಯ ಎಣ್ಣೆ ಒಂದೇ ದಿನ ಕಳಿಸಿ, ವಾರದ ನಂತರ ಮೇನ್ ಟ್ಯಾಂಕಿನದು ಇನ್ನೊಮ್ಮೆ. ಅಷ್ಟರಲ್ಲಿ ಹೈಡ್ರೋಜನ್ ಕೂಡ ಜೊತೆಗೇ ಏರಿದರೆ, ಇಲ್ಲವೇ ಅನಿಲ ಸೇರಿದಾಗ ಎಚ್ಚರಿಸುವ ಬುಖೋಲ್ಜ್ ರಿಲೇಯ ಅಲಾರಂ ಬಂದರೆ, ನಾನು ಹೇಳಿದ್ದನ್ನೆಲ್ಲ ಬಿಟ್ಟು ಆಫ್ ಮಾಡಿ. ಓಎಲ್‌ಟಿಸಿಯೇ ಇಲ್ಲದಿದ್ದರೂ ಈ ಲೆಕ್ಕ ನಡೆಯುವುದಿಲ್ಲ.