ಕರ್ನಲ್ ಸಾಹೇಬರೇ, ಟೆಂಟಿನ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ, ಸೇನೆಯಿಂದ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತನಾಗಿ ಊರಿಗೆ ಬಂದಿದ್ದೇನೆ. ಕುಶಾಲನಗರದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ಕಂಪನಿಗೆ ಆಡಳಿತ ವ್ಯವಸ್ಥಾಪಕರು ಬೇಕಂತೆ. ಬಯೋಡೇಟಾ ಜೊತೆಗಿನ ಈಮೇಲ್ ಕನ್ನಡದಲ್ಲೇ ಇರಲಿ ಎಂದಿದ್ದಾರೆ. ಬರೆದದ್ದನ್ನು ಕೆಳಗೆ ಕೊಟ್ಟಿದ್ದೇನೆ, ಮುಲಾಜಿಲ್ಲದೆ ಹೇಳಿ.

“ಮಾನ್ಯರೇ, ಶಿಸ್ತು, ಸಮಯಪಾಲನೆ, ನಿಷ್ಠೆ ನನ್ನ ರಕ್ತದಲ್ಲೇ ಇವೆ. ಇಪ್ಪತ್ತು ವರ್ಷಗಳ ಸೇವೆಯಲ್ಲಿ ಹಿಮದಲ್ಲೂ ಮರಳಿನಲ್ಲೂ ದೇಶ ಕಾದಿದ್ದೇನೆ. 800 ಜನರ ಸಂಸ್ಥೆಯ ಎಚ್.ಆರ್. ಮುಖ್ಯಸ್ಥನಾಗಿ, ಕೋಟ್ಯಂತರ ರೂಪಾಯಿಯ ಲಾಭ-ನಷ್ಟದ ಹೊಣೆ ಹೊತ್ತು, ಸಪ್ಲೈ ಚೈನ್ ಆಪ್ಟಿಮೈಸ್ ಮಾಡಿ, ಸ್ಟೇಕ್‌ಹೋಲ್ಡರ್‌ಗಳನ್ನು ನಿಭಾಯಿಸಿದ್ದೇನೆ. ಎರಡು ವರ್ಷ ಕ್ವಾರ್ಟರ್‌ಮಾಸ್ಟರ್ ಕೂಡ ಆಗಿದ್ದೆ. ತಮ್ಮ ಕಂಪನಿಯ ಯಾವುದೇ ಸವಾಲನ್ನು ಎದುರಿಸಲು ಸಿದ್ಧನಿದ್ದೇನೆ.”

ಕರ್ನಲ್ ಸಾಹೇಬರಿಗೆ ನಮಸ್ಕಾರ.

ಭಾಷೆ ಶುದ್ಧವಾಗಿದೆ, ಉದ್ದ ಎಳೆದಿಲ್ಲ. ಹೊಗಳಿಕೆ ಇಷ್ಟು ಸಾಕು. ನಿಮ್ಮ ಮೂರನೇ ವಾಕ್ಯ ಓದಿ ನನಗೆ ಸಿಟ್ಟು ಬಂತು. ನಾಲ್ಕನೆಯದನ್ನು ಓದಿದಾಗ ಇನ್ನೂ ಜಾಸ್ತಿ ಬಂತು, ಆದರೆ ಅದಕ್ಕೆ ಕಾರಣ ಬೇರೆ.

ಮೊದಲೆರಡು ವಾಕ್ಯಗಳ ಬಗ್ಗೆ ಹೆಚ್ಚು ಮಾತಿಲ್ಲ, ಹೊಡೆದುಹಾಕಿ. ಬೇರೆ ಜಿಲ್ಲೆಯಲ್ಲಾದರೆ ನಡೆದೀತೇನೋ. ಇದು ಕಾರ್ಯಪ್ಪ, ತಿಮ್ಮಯ್ಯನವರ ಊರು. ತಿಮ್ಮಯ್ಯನವರ ಮನೆ ಸನ್ನಿ ಸೈಡ್ 2021ರಲ್ಲಿ ಮ್ಯೂಸಿಯಂ ಆಗಿ, ಅಲ್ಲಿಗೆ ಶಾಲೆಯ ಮಕ್ಕಳು ಸಾಲುಗಟ್ಟಿ ಹೋಗುತ್ತಾರೆ. ನಿಮ್ಮ ಈಮೇಲ್ ಓದುವವರ ಮಾವನೋ ಭಾವನೋ ಕರ್ನಲ್ ಆಗಿರುವ ಸಾಧ್ಯತೆಯೇ ಹೆಚ್ಚು. ಮದುವೆ ಮನೆಗಳಲ್ಲಿ ಹಿಮದ ಕಥೆ ಕೇಳಿಯೇ ಅವರು ದೊಡ್ಡವರಾಗಿದ್ದಾರೆ. ಫೌಜಿ ಅಂದರೆ ಶಿಸ್ತು ಇರುತ್ತದೆ ಅಂತ ಅವರಿಗೆ ಗೊತ್ತು. ಫೌಜಿ ತಮ್ಮ ಗೋಡೌನಿಗೆ ಬಂದು ಏನು ಮಾಡಿಯಾರು ಅನ್ನುವುದಷ್ಟೇ ಅವರಿಗೆ ಗೊತ್ತಿಲ್ಲ.

ಈಗ ಮೂರನೆಯದಕ್ಕೆ ಬನ್ನಿ. ಎಚ್.ಆರ್. ಮುಖ್ಯಸ್ಥ ಅಂದಿರಲ್ಲ, ಯಾವಾಗ ಅಂತ ನಾನು ಫೋನಿನಲ್ಲಿ ಕೇಳಿದಾಗ “ಬೆಟಾಲಿಯನ್‌ನಲ್ಲಿ ಅಡ್ಜುಟೆಂಟ್ ಆಗಿದ್ದಾಗ” ಅಂದಿರಿ. ಅಡ್ಜುಟೆಂಟ್ ಕೆಲಸ ಸಣ್ಣದಲ್ಲ. ಆದರೆ ಆ 800 ಜನರಲ್ಲಿ ಒಬ್ಬನನ್ನಾದರೂ ನೀವು ನೇಮಿಸಿಕೊಂಡಿರಾ? ಭರ್ತಿ ಮಾಡುವವರು ಬೇರೆ, ತರಬೇತಿ ಕೊಟ್ಟು ಕಳಿಸುವುದು ರೆಜಿಮೆಂಟಲ್ ಸೆಂಟರ್. ಸಂಬಳ ನಿಗದಿ ಮಾಡುವುದು ಸರ್ಕಾರ, ಅದರ ಲೆಕ್ಕ ಇಡುವುದು ಪೇ ಅಕೌಂಟ್ಸ್ ಆಫೀಸು. ಬೇಸರವಾಯಿತೆಂದು ರಾಜೀನಾಮೆ ಎಸೆದು ಪಕ್ಕದ ಬೆಟಾಲಿಯನ್ ಸೇರುವ ಜವಾನ ಇಲ್ಲ. ಕಂಪನಿಯ ಎಚ್.ಆರ್. ಮನುಷ್ಯನಿಗೆ ವರ್ಷವಿಡೀ ಇರುವ ತಲೆನೋವು ಇವೇ ಮೂರು: ಜನ ಹುಡುಕುವುದು, ಸಂಬಳ ಕುದುರಿಸುವುದು, ಬಿಟ್ಟುಹೋಗದಂತೆ ಹಿಡಿದುಕೊಳ್ಳುವುದು. ಈ ಮೂರೂ ನಿಮ್ಮ ಕೈಯಲ್ಲಿರಲಿಲ್ಲ. ರಜೆಯ ಪಟ್ಟಿ, ಶಿಸ್ತಿನ ಪ್ರಕರಣ, ಯಾರು ಎಲ್ಲಿ ಡ್ಯೂಟಿಯಲ್ಲಿರಬೇಕು ಎಂಬುದು ನಿಮ್ಮ ಕೈಯಲ್ಲಿತ್ತು. ಅದನ್ನೇ ಬರೆಯಿರಿ. ಪುತ್ತರಿ ಹಬ್ಬದ ಹೊತ್ತಿಗೆ ಅರ್ಧ ಜನ ರಜೆ ಕೇಳುವ ಊರಿನಲ್ಲಿ, ಎಲ್ಲರಿಗೂ ರಜೆ ಕೊಟ್ಟೂ ಕಾವಲು ಖಾಲಿ ಬಿಡದ ಮನುಷ್ಯನಿಗೆ ಬೆಲೆ ಇದೆ.

ಲಾಭ-ನಷ್ಟದ ಹೊಣೆ ಅನ್ನುವುದು ಇದಕ್ಕಿಂತ ಅಪಾಯ. ನಿಮ್ಮ ಹತ್ತಿರ ಇದ್ದದ್ದು ಸರ್ಕಾರ ಬೇರೆ ಬೇರೆ ಶೀರ್ಷಿಕೆಯಡಿ ಹಂಚಿಕೆ ಮಾಡಿದ ಹಣ. ಮಾರ್ಚ್ 31ರೊಳಗೆ ಖರ್ಚಾಗದೆ ಉಳಿದರೆ ವಾಪಸ್ ಹೋಗುತ್ತದೆ. ಅದರಲ್ಲಿ ಮಾರಾಟವಿಲ್ಲ, ಆದಾಯವಿಲ್ಲ, ಆದ್ದರಿಂದ ಲಾಭವೂ ಇಲ್ಲ. ಸಂದರ್ಶನದಲ್ಲಿ ಮಾಲೀಕರು “ಮಾರ್ಜಿನ್ ಎಷ್ಟಿತ್ತು ಕರ್ನಲ್?” ಅಂದುಬಿಟ್ಟರೆ ಏನು ಹೇಳುತ್ತೀರಿ? ಅಲ್ಲಿಗೆ ನೀವು ಹೇಳಿದ ನಿಜಗಳ ಮೇಲೂ ಅನುಮಾನ ಶುರುವಾಗುತ್ತದೆ. “ಮಂಜೂರಾದ ಹಣದೊಳಗೆ ಖರೀದಿ ಮಾಡಿದ್ದೇನೆ, ಪ್ರತಿ ರೂಪಾಯಿಗೂ ಆಡಿಟ್ ಆಗಿದೆ” ಅನ್ನಿ. ಆಡಳಿತ ವ್ಯವಸ್ಥಾಪಕರಿಂದ ಕಂಪನಿ ಬಯಸುವುದೂ ಅದನ್ನೇ. ಲಾಭ ತರುವ ಇಲಾಖೆ ಬೇರೆ ಇರುತ್ತದೆ. ಉಳಿದ ಸಪ್ಲೈ ಚೈನ್, ಸ್ಟೇಕ್‌ಹೋಲ್ಡರ್‌ಗಳನ್ನು ನಿಮಗೆ ಯಾರು ಕಲಿಸಿದರೋ ಅವರಿಗೇ ಹಿಂದಿರುಗಿಸಿ.

ಈ ಸಿಟ್ಟು ನನಗೆ ಎಲ್ಲಿಂದ ಅಂಟಿತು ಅಂದರೆ, ಪತ್ರಿಕೆಗೆ ಬರುವ ಮೊದಲು ನಾನು ಸಿದ್ದಾಪುರದ ಕಡೆ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ ಕೈಕೆಳಗೆ ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುತ್ತಿದ್ದೆ. ಕೆಲಸ ಕೇಳಿಕೊಂಡು ಬಂದವರನ್ನು ಮೊದಲು ಮಾತಾಡಿಸುತ್ತಿದ್ದವರು ರೈಟರೇ. ದೊರೆಗಳ ಹತ್ತಿರ ಕಳಿಸುವುದು ಆಮೇಲೆ. ಒಮ್ಮೆ ಒಬ್ಬರು ನಿವೃತ್ತ ಸುಬೇದಾರರು ಬಂದರು. ನೆಟ್ಟಗೆ ನಿಂತು, ಸೇವೆ, ಮೆಡಲ್, ಒಳ್ಳೆ ನಡತೆ ಎಲ್ಲಾ ಒಪ್ಪಿಸಿದರು. ರೈಟರು ತಲೆ ಎತ್ತಲಿಲ್ಲ. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಒಂದು ಪ್ರಶ್ನೆ ಕೇಳಿದರು: “ರೇಷನ್ ಲಾರಿ ಬಂತು. ತೂಕ ಕಮ್ಮಿ ಇದೆ. ಡ್ರೈವರ್ ಸಹಿ ಹಾಕಿ ಬಿಡಿ ಸಾಬ್ ಅಂತಾನೆ. ಏನು ಮಾಡ್ತಿದ್ರಿ?”

ಸುಬೇದಾರರ ಮುಖ ಬದಲಾಯಿತು. ಲಾರಿ ಇಳಿಸುವ ಮೊದಲೇ ತಕ್ಕಡಿಯನ್ನು ಗೊತ್ತಿರುವ ತೂಕದಿಂದ ಪರೀಕ್ಷಿಸುತ್ತಿದ್ದದ್ದು, ಆಲೂಗಡ್ಡೆ ಚೀಲದ ತಳ ಬಿಚ್ಚಿ ನೋಡುತ್ತಿದ್ದದ್ದು, ಬಂದಷ್ಟಕ್ಕೆ ಮಾತ್ರ ಸಹಿ ಹಾಕಿ, ಕಮ್ಮಿಯಾದದ್ದನ್ನು ಚಾಲಕನ ಕಡೆಯ ಪ್ರತಿಯಲ್ಲೂ ಬರೆಸುತ್ತಿದ್ದದ್ದು, ಒಂದೊಂದಾಗಿ ಹೇಳಿದರು. ಆಗ ರೈಟರು ಪೆನ್ನು ಕೆಳಗಿಟ್ಟು ಕುರ್ಚಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಮೊದಲೇ ಹೇಳಬಾರದಿತ್ತಾ ಇವರು?” ಅಂದರು. ಗೊಬ್ಬರದ ಗೋಡೌನು ಅವರ ಕೈಗೆ ಹೋಯಿತು.

ನಿಮ್ಮ ನಾಲ್ಕನೇ ವಾಕ್ಯದಲ್ಲಿ “ಕೂಡ” ಅಂತ ಬಾಲಕ್ಕೆ ಕಟ್ಟಿದ್ದೀರಲ್ಲ, ಯೂನಿಟ್ಟಿನ ಉಗ್ರಾಣ ನೋಡಿಕೊಳ್ಳುವ ಆ ಕ್ವಾರ್ಟರ್‌ಮಾಸ್ಟರ್ ಕೆಲಸ, ಇಡೀ ಈಮೇಲ್ ಅದರ ಮೇಲೆ ನಿಲ್ಲಬೇಕಿತ್ತು. ಫೋನಿನಲ್ಲಿ ಬಲವಂತವಾಗಿ ಕೇಳಿದ ಮೇಲೆ ಬಾಯಿಬಿಟ್ಟಿರಿ. ಹಿಂದಿನವರಿಂದ ಉಗ್ರಾಣದ ಚಾರ್ಜ್ ತೆಗೆದುಕೊಳ್ಳುವಾಗ ಲೆಡ್ಜರಿನಲ್ಲಿ ದೊಡ್ಡ ಟೆಂಟು 40, ನೆಲದ ಮೇಲೆ ಎಣಿಸಿದರೆ 33. ಬೇಗ ಸಹಿ ಹಾಕಿ ಮುಗಿಸಿ ಅಂತ ಎಲ್ಲರ ಒತ್ತಾಯ. ನೀವು ಹಾಕಲಿಲ್ಲ. ಹುಡುಕಿದರೆ ನಾಲ್ಕು ಟೆಂಟು ಪಕ್ಕದ ಯೂನಿಟ್‌ಗೆ ಎರವಲು ಹೋಗಿದ್ದವು, ವೋಚರ್ ಮಾಡಿರಲಿಲ್ಲ. ಎರಡು ಹರಿದು ಮೂಲೆ ಸೇರಿದ್ದವು, ಬೋರ್ಡ್ ಆಫ್ ಆಫೀಸರ್ಸ್ ಕೂತು ಅವುಗಳನ್ನು ನಿರುಪಯುಕ್ತ ಅಂತ ಬರೆದಿರಲಿಲ್ಲ. ಉಳಿದ ಒಂದು ಎಲ್ಲೂ ಸಿಗಲಿಲ್ಲ. ಎರವಲಿಗೆ ವೋಚರ್ ಮಾಡಿಸಿದಿರಿ, ಹರಿದವನ್ನು ಬೋರ್ಡಿನ ಮುಂದಿಟ್ಟಿರಿ, ಸಿಗದ ಒಂದನ್ನು ಕೊರತೆ ಅಂತಲೇ ಬರೆದು ಮೇಲಕ್ಕೆ ಕಳಿಸಿ, ಆಮೇಲೆ ಸಹಿ ಹಾಕಿದಿರಿ.

ಸ್ವಾಮೀ, ಇದನ್ನು ಬಿಟ್ಟು ಹಿಮ ಮರಳು ಅಂತ ಬರೆಯುತ್ತೀರಲ್ಲ! ಕ್ಯೂರಿಂಗ್ ಕಂಪನಿ ಅಂದರೆ ಬೆಳೆಗಾರರ ಕಾಫಿ ಇವರ ಗೋಡೌನಿನಲ್ಲಿ ಚೀಲ ಚೀಲವಾಗಿ ಕೂತಿರುವ ಜಾಗ. ಪುಸ್ತಕಕ್ಕೂ ನೆಲಕ್ಕೂ ತಾಳೆಯಾಗದಿದ್ದರೆ ಅಲ್ಲಿ ಯಾರಿಗೂ ನಿದ್ದೆ ಇಲ್ಲ. ಕಾಫಿಯ ದಾಸ್ತಾನು ನಿಮ್ಮ ಕೈಗೆ ಬರದೇ ಇರಬಹುದು, ಅದಕ್ಕೆ ಬೇರೆಯವರಿರುತ್ತಾರೆ. ಆದರೆ ಖಾಲಿ ಗೋಣಿಚೀಲ, ಜನರೇಟರಿನ ಡೀಸೆಲ್, ಕ್ಯಾಂಟೀನ್ ಸಾಮಾನು, ಗುಜರಿಗೆ ಹೋಗಬೇಕಾದ ಮೋಟರು, ಕಂತ್ರಾಟಿನ ಗಾರ್ಡ್‌ಗಳ ಹಾಜರಿ, ಇವೆಲ್ಲ ಆಡಳಿತದವರ ತಲೆಯ ಮೇಲೇ ಬರುವುದು. ಎಷ್ಟು ತರಿಸಿದೆವು, ಗೇಟಿನೊಳಗೆ ಎಷ್ಟು ಬಂತು, ಬಿಲ್ಲಿನಲ್ಲಿ ಎಷ್ಟಿದೆ ಎಂಬ ಮೂರು ಕಾಗದ ಒಂದಕ್ಕೊಂದು ಹೊಂದಿದರೆ ಮಾತ್ರ ಹಣ ಪಾವತಿಯಾಗಬೇಕು. ನೀವು ಇಂಡೆಂಟು, ರಸೀದಿ ವೋಚರು, ಲೆಡ್ಜರು ಇಟ್ಟುಕೊಂಡು ಮಾಡಿದ್ದು ಅದನ್ನೇ. ಡೀಸೆಲ್ಲಿನದೂ ಅಷ್ಟೇ. ಫೌಜಿನಲ್ಲಿ ಗಾಡಿಯ ಕಾರ್ ಡೈರಿ ನೋಡಿ, ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಹಿಡಿಯುತ್ತಿದ್ದಿರಲ್ಲ? ಜನರೇಟರಿಗೆ ಕಿಲೋಮೀಟರಿನ ಬದಲು ಗಂಟೆ, ಅಷ್ಟೇ ವ್ಯತ್ಯಾಸ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವ ಪರಿ ನಿಮಗೆ ಗೊತ್ತಿದೆ. ಗಂಟೆ ಮೀಟರಿಗೂ ಡೀಸೆಲ್ ಬಿಲ್ಲಿಗೂ ತಾಳೆ ನೋಡುವವರು ಇಲ್ಲದ ಕಂಪನಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರ ಗಾಡಿಯ ಟ್ಯಾಂಕು ತುಂಬುತ್ತದೋ ದೇವರೇ ಬಲ್ಲ.

ನಾನಾದರೆ ಹೀಗೆ ಬರೆಯುತ್ತಿದ್ದೆ. ಮಾತು ನಿಮ್ಮದೇ, ಜೋಡಿಸಿದ್ದು ಮಾತ್ರ ನಾನು:

“ಸುಮಾರು 800 ಜನರಿದ್ದ ಘಟಕದಲ್ಲಿ ಎರಡು ವರ್ಷ ಉಗ್ರಾಣ, ರೇಷನ್, ಬಟ್ಟೆ ಮತ್ತು ವಸತಿ ಸಾಮಗ್ರಿಯ ಹೊಣೆ ನನ್ನದಾಗಿತ್ತು. ಚಾರ್ಜ್ ತೆಗೆದುಕೊಂಡಾಗ ಪುಸ್ತಕಕ್ಕೂ ದಾಸ್ತಾನಿಗೂ ವ್ಯತ್ಯಾಸವಿತ್ತು. ಪ್ರತಿಯೊಂದಕ್ಕೂ ಕಾರಣ ಪತ್ತೆಮಾಡಿ, ದಾಖಲೆ ಸರಿಪಡಿಸಿ, ಸಿಗದೇ ಇದ್ದದ್ದನ್ನು ಕೊರತೆ ಎಂದು ವರದಿ ಮಾಡಿದ ಮೇಲೆಯೇ ಸಹಿ ಹಾಕಿದೆ. ಅದಕ್ಕೂ ಮೊದಲು ಅದೇ ಘಟಕದ ರಜೆ, ಡ್ಯೂಟಿ ಹಂಚಿಕೆ ಮತ್ತು ಶಿಸ್ತಿನ ವಿಷಯ ನೋಡಿಕೊಂಡಿದ್ದೇನೆ. ನೇಮಕಾತಿ, ಸಂಬಳ ನಿಗದಿ ನನ್ನ ಕೆಲಸವಾಗಿರಲಿಲ್ಲ. ಪಿ.ಎಫ್., ಇ.ಎಸ್.ಐ., ಜಿ.ಎಸ್.ಟಿ. ನನಗೆ ಹೊಸತು, ಈಗ ಕಲಿಯುತ್ತಿದ್ದೇನೆ.”

ಕೊನೆಯ ಎರಡು ವಾಕ್ಯ ನೋಡಿ ನೀವು ಹುಬ್ಬು ಗಂಟಿಕ್ಕುತ್ತೀರಿ ಅಂತ ಗೊತ್ತು. ಬಿಡಬೇಡಿ. ಕಂತ್ರಾಟುದಾರ ತನ್ನ ಗಾರ್ಡ್‌ಗಳ ಪಿ.ಎಫ್. ಕಟ್ಟದೇ ಹೋದರೆ ಅದು ಕೊನೆಗೆ ಕಂಪನಿಯ ಕುತ್ತಿಗೆಗೇ ಬರುತ್ತದೆ. ಆದ್ದರಿಂದ ಬಿಲ್ಲಿನ ಜೊತೆಗೆ ಪಿ.ಎಫ್. ಕಟ್ಟಿದ ಚಲನ್ ಅನ್ನೂ ಕೇಳಿ ಪಡೆಯುವವರು ಅವರಿಗೆ ಬೇಕು. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವವರ ಮೇಲೆ ಆ ಕೆಲಸ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ಇನ್ನೊಂದು ವಿಷಯ ಗಮನಿಸಿ. ನಾನು ಬರೆದದ್ದರಲ್ಲಿ ಯೂನಿಟ್ಟಿನ ಹೆಸರಿಲ್ಲ, ಜಾಗವೂ ಇಲ್ಲ. ನಿಮ್ಮ ಬಯೋಡೇಟಾದಲ್ಲಿ ಎರಡೂ ಇಸವಿ ಸಮೇತ ಇವೆ. ತೆಗೆದುಬಿಡಿ, ಏಕೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಯಾವುದೇ ಸವಾಲಿಗೂ ಸಿದ್ಧ ಎಂಬ ಕೊನೆಯ ಸಾಲಿನ ಜಾಗದಲ್ಲಿ ಎರಡು ಮಾತು ಹಾಕಿ: ಯಾವ ತಾರೀಖಿನಿಂದ ಬರಬಲ್ಲಿರಿ, ಮತ್ತು ಸಂದರ್ಶನಕ್ಕೆ ಮುಂಚೆ ಒಂದು ಗಂಟೆ ಅವರ ಗೋಡೌನು, ಗೇಟು, ಜನರೇಟರ್ ಕೋಣೆ ನೋಡಲು ಬಿಡುತ್ತಾರೆಯೇ ಅಂತ. ಒಪ್ಪಿದರೆ ಹೋಗುವಾಗ ಬೂಟು ಹಾಕಿಕೊಂಡು ಹೋಗಿ, ಮಳೆಗಾಲ ಬಂದ ಮೇಲೆ ಕ್ಯೂರಿಂಗ್ ಅಂಗಳದಲ್ಲಿ ಚಪ್ಪಲಿ ನಿಲ್ಲುವುದಿಲ್ಲ.